ಶೋರೂಮಿಗಲ್ಲ, ಮೊದಲು ಸರ್ವಿಸ್ ಸೆಂಟರಿಗೆ ಹೋಗಿ

ಕಳೆದ ತಿಂಗಳು ನಮ್ಮ ಕ್ಯಾಂಟೀನ್ ಟೇಬಲ್ ಮೇಲೆ ನಡೆದ ಅತಿ ದೊಡ್ಡ ಜಗಳ ಎಲ್‌ಎಫ್‌ಪಿ ಬ್ಯಾಟರಿ ಒಳ್ಳೇದಾ, ಎನ್‌ಎಂಸಿ ಒಳ್ಳೇದಾ ಅನ್ನೋದು. ಕಾರಣ, ನಂಜನಗೂಡಿನಿಂದ ದಿನಾ ಮೈಸೂರಿಗೆ ಬರುವ ನಮ್ಮ ಗೆಳೆಯನಿಗೆ ಮನೇಲಿ ಎಲೆಕ್ಟ್ರಿಕ್ ಸ್ಕೂಟರ್ ಕೊಡಿಸ್ತೀವಿ ಅಂದಿದ್ದರು. ಎರಡು ಗಂಟೆ ವಾದ ಮಾಡಿ ಎದ್ದ ಮೇಲೆ ನಮಗೇ ಅನ್ನಿಸಿತು, ನಾವು ಕೇಳಬೇಕಾದ ಪ್ರಶ್ನೆಗಳನ್ನ ಉಲ್ಟಾ ಕ್ರಮದಲ್ಲಿ ಕೇಳ್ತಾ ಇದ್ದೀವಿ ಅಂತ. ನಮ್ಮ ಅಭಿಪ್ರಾಯ ಇಷ್ಟೇ: ಮೊದಲು ಸರ್ವಿಸ್, ಆಮೇಲೆ ನಿಜವಾದ ರೇಂಜ್, ಕೊನೆಗೆ ಬ್ಯಾಟರಿಯ ಕೆಮಿಸ್ಟ್ರಿ.

ಕೆಮಿಸ್ಟ್ರಿ ಮುಖ್ಯ ಅಲ್ಲ ಅಂತಲ್ಲ. ಎಲ್‌ಎಫ್‌ಪಿ ಸ್ವಲ್ಪ ಭಾರ, ಆದರೆ ಹೆಚ್ಚು ಸಲ ಚಾರ್ಜ್ ಆಗೋದನ್ನ ತಡೆದುಕೊಳ್ಳುತ್ತೆ, ಬಿಸಿಗೂ ಅಷ್ಟು ಬೇಗ ಕೆರಳಲ್ಲ. ಎನ್‌ಎಂಸಿ ಅಷ್ಟೇ ತೂಕದಲ್ಲಿ ಜಾಸ್ತಿ ಶಕ್ತಿ ಇಟ್ಟುಕೊಳ್ಳುತ್ತೆ, ಅದಕ್ಕೇ ನಮ್ಮ ರಸ್ತೇಲಿ ಓಡೋ ಜನಪ್ರಿಯ ಸ್ಕೂಟರುಗಳಲ್ಲಿ ಹೆಚ್ಚಿನವು ಅದನ್ನೇ ಬಳಸ್ತವೆ. ಸೇಲ್ಸ್‌ನವರು ಬರೀ 'ಲಿಥಿಯಂ' ಅಂದರೆ ಬ್ಯಾಟರಿ ಲೇಬಲ್ ಮೇಲಿನ ವೋಲ್ಟೇಜ್ ನೋಡಿ. ಎಲ್‌ಎಫ್‌ಪಿ ಸೆಲ್ ಒಂದಕ್ಕೆ 3.2 ವೋಲ್ಟ್, ಹದಿನಾರು ಸೆಲ್ ಸಾಲಾಗಿ ಇಟ್ಟರೆ 51.2. ಎನ್‌ಎಂಸಿ ಸೆಲ್‌ಗೆ ಸುಮಾರು 3.6ರಿಂದ 3.7, ಹದಿನಾಲ್ಕು ಇಟ್ಟರೆ 50.4ರಿಂದ 51.8ರ ಒಳಗೆ ಬರುತ್ತೆ. ಲೇಬಲ್ 51.2 ಅಂತಿದ್ದರೆ ಒಳಗಿರೋದು ಬಹುತೇಕ ಎಲ್‌ಎಫ್‌ಪಿ. ಎಲ್‌ಎಫ್‌ಪಿ ತಗೊಂಡರೆ ಆಗಾಗ ನೂರಕ್ಕೆ ನೂರು ಚಾರ್ಜ್ ಮಾಡಬೇಕು. ಅದರ ವೋಲ್ಟೇಜ್ ಮಧ್ಯದಲ್ಲಿ ಹೆಚ್ಚುಕಮ್ಮಿ ಚಪ್ಪಟೆ ಇರೋದರಿಂದ ಎಷ್ಟು ಪರ್ಸೆಂಟ್ ಉಳಿದಿದೆ ಅಂತ ಬಿಎಂಎಸ್‌ಗೆ ಸರಿಯಾಗಿ ಗೊತ್ತಾಗಲ್ಲ, 30 ತೋರಿಸ್ತಿದ್ದದ್ದು ಇದ್ದಕ್ಕಿದ್ದ ಹಾಗೆ 10ಕ್ಕೆ ಬೀಳಬಹುದು. ಎನ್‌ಎಂಸಿಯನ್ನ ಫುಲ್ ಚಾರ್ಜ್ ಮಾಡಿ ದಿನಗಟ್ಟಲೆ ಬಿಸಿಲಲ್ಲಿ ನಿಲ್ಲಿಸಬಾರದು, ಬೇಗ ಸವೆಯುತ್ತೆ. ಇನ್ನು ಲೆಡ್ ಆಸಿಡ್ ಬ್ಯಾಟರಿಯ, ಗಂಟೆಗೆ 25 ಕಿಲೋಮೀಟರ್ ಮೀರದ ಅಗ್ಗದ ಸ್ಕೂಟರ್? ಲೈಸೆನ್ಸ್ ಬೇಡ ಅನ್ನೋದು ನಿಜ, ಆದರೆ ನಂಜನಗೂಡು ರೋಡಲ್ಲಿ ಅದನ್ನ ಓಡಿಸೋದು ಹಿಂದೆ ಬರೋ ಬಸ್ಸಿಗೆ ಶಾಪ ಹಾಕಿಸಿಕೊಳ್ಳೋಕೆ ಮಾತ್ರ.

ರೇಂಜ್ ವಿಷಯದಲ್ಲಿ ಬ್ರೋಷರ್ ಸುಳ್ಳು ಹೇಳಲ್ಲ, ಆದರೆ ನಾವು ಓಡಿಸೋ ಥರ ಓಡಿಸಿ ಹೇಳಲ್ಲ. ಅಲ್ಲಿ ಬರೆದಿರೋ ಐಡಿಸಿ ರೇಂಜ್ ಅಂದರೆ ಇಂಡಿಯನ್ ಡ್ರೈವಿಂಗ್ ಸೈಕಲ್ ಪ್ರಕಾರ ಅಳೆದದ್ದು. ಆ ಸೈಕಲ್‌ನಲ್ಲಿ ಸರಾಸರಿ ವೇಗ ಗಂಟೆಗೆ ಸುಮಾರು 22 ಕಿಲೋಮೀಟರ್, ಗರಿಷ್ಠ ವೇಗ 42. ನಂಜನಗೂಡು ರೋಡಲ್ಲಿ 42ರಲ್ಲಿ ಯಾರು ಹೋಗ್ತಾರೆ?

ಹಾಗಾಗಿ ನಾವೇ ಲೆಕ್ಕ ಹಾಕಿದ್ವಿ. ಸ್ಕೂಟರ್, ಗೆಳೆಯ, ಅವನ ಬ್ಯಾಗ್ ಸೇರಿ 200 ಕೆಜಿ. ಟೈರ್ ಉರುಳೋಕೆ ಸುಮಾರು 29 ನ್ಯೂಟನ್ ಬೇಕು, ಇದು ವೇಗದ ಜೊತೆ ಅಷ್ಟಾಗಿ ಬದಲಾಗಲ್ಲ. ಗಾಳಿಯ ತಡೆ ಮಾತ್ರ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ: 40ರಲ್ಲಿ ಸುಮಾರು 44 ನ್ಯೂಟನ್, 60ರಲ್ಲಿ 100. ಮೋಟಾರ್, ಕಂಟ್ರೋಲರ್ ನಷ್ಟಕ್ಕೆ 15 ಪರ್ಸೆಂಟ್ ಬಿಟ್ಟರೆ ಒಂದು ಕಿಲೋಮೀಟರಿಗೆ 40ರ ವೇಗದಲ್ಲಿ 24 ವ್ಯಾಟ್ ಅವರ್, 50ರಲ್ಲಿ 32, 60ರಲ್ಲಿ 42 ಖರ್ಚು. 3 ಕಿಲೋವ್ಯಾಟ್ ಅವರ್ ಬ್ಯಾಟರಿ, ಅಂದರೆ ಮನೆ ಮೀಟರಿನ 3 ಯೂನಿಟ್. ಅದರಲ್ಲಿ ಬಳಕೆಗೆ 2.7 ಸಿಗುತ್ತೆ ಅಂತ ಇಟ್ಟುಕೊಂಡ್ವಿ. 40ರಲ್ಲೇ ಹೋದರೆ 112 ಕಿಲೋಮೀಟರ್, 60ರಲ್ಲಿ ಹೋದರೆ 64. ಅದೇ ಸ್ಕೂಟರ್, ಅದೇ ಬ್ಯಾಟರಿ! ಫ್ಲೂಯಿಡ್ ಮೆಕ್ಯಾನಿಕ್ಸ್ ಜೀವನದಲ್ಲಿ ಉಪಯೋಗಕ್ಕೆ ಬಂದದ್ದು ನಮಗೆ ಇದೇ ಮೊದಲ ಸಲ.

ಗೆಳೆಯನಿಗೆ ಹೋಗಿ ಬರೋಕೆ ಸುಮಾರು 50 ಕಿಲೋಮೀಟರ್. ಒಂದೇ ಸಮ 60ರಲ್ಲಿ ಹೋದರೆ 2.1 ಯೂನಿಟ್ ಬೇಕು. ಹೊಸತರಲ್ಲಿ 2.7 ಇದೆ, ತೊಂದರೆ ಇಲ್ಲ. ಆದರೆ ಬ್ಯಾಟರಿಯ ಸಾಮರ್ಥ್ಯ 80 ಪರ್ಸೆಂಟಿಗೆ ಇಳಿದ ದಿನ ಸಿಗೋದು 2.16. ಊರು ಕಾಣೋ ಹೊತ್ತಿಗೆ ಪರ್ಸೆಂಟ್ ಸೊನ್ನೆ ಹತ್ತಿರ ಇರುತ್ತೆ, ಅದಕ್ಕೂ ಮೊದಲೇ ಸ್ಕೂಟರ್ ತಾನಾಗಿ ವೇಗ ಕಡಿಮೆ ಮಾಡಿಕೊಂಡು ಕುಂಟೋಕೆ ಶುರು ಮಾಡಿರುತ್ತೆ. ಹಾಗಾಗಿ ಅವನು 3.7 ಯೂನಿಟ್ ಇರೋದು ತಗೋಬೇಕು, ಇಲ್ಲಾ 50ರಲ್ಲಿ ಹೋಗಬೇಕು. 50ರಲ್ಲಿ ಹೋದರೆ ಒಂದು ಕಡೆಗೆ ಐದೇ ನಿಮಿಷ ಜಾಸ್ತಿ, ದಿನಕ್ಕೆ ಅರ್ಧ ಯೂನಿಟ್ ಉಳಿತಾಯ. "ಮಗಾ, ಹತ್ತೊಂಬತ್ತು ವರ್ಷಕ್ಕೇ 50ರಲ್ಲಿ ಹೋಗು ಅಂತೀರಲ್ಲೋ" ಅಂದ. ಸರಿ, 3.7 ಅಂತಾಯ್ತು. ನೀವೂ ನಿಮ್ಮ ದೂರ ಹಾಕಿ ನೋಡಿ. ಹೊಸ ಬ್ಯಾಟರಿಗಲ್ಲ, 80 ಪರ್ಸೆಂಟ್ ಉಳಿದ ಬ್ಯಾಟರಿಗೆ.

ಈಗ ನಮಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸಿದ ವಿಷಯ. ನಮ್ಮ ಸೀನಿಯರ್ ಒಬ್ಬರ ಸ್ಕೂಟರ್ ಮಳೆಗಾಲದಲ್ಲಿ ಒಂದು ದಿನ ಎರರ್ ತೋರಿಸಿ ನಿಂತಿತು. ಕಂಪನಿ ಹೆಸರು ಬೇಡ. ಕಂಟ್ರೋಲರ್ ಬದಲಾಯಿಸಬೇಕು ಅಂದರು, ಪಾರ್ಟ್ ಬರೋಕೆ 26 ದಿನ ಆಯ್ತು. ವಾರಂಟಿ ಇತ್ತು, ಒಂದು ರೂಪಾಯಿ ಖರ್ಚಾಗಲಿಲ್ಲ. ಆದರೆ ಆ 26 ದಿನ ಅವರು ಬಸ್ಸಲ್ಲಿ ಬಂದರು, ಮಧ್ಯದಲ್ಲಿ ಇಎಂಐ ಕಟ್ ಆಯ್ತು, ಎರಡು ಇಂಟರ್ನಲ್ಸ್‌ಗೆ ಲೇಟಾಗಿ ಬಂದರು. ಪೆಟ್ರೋಲ್ ಸ್ಕೂಟರ್ ಆಗಿದ್ದರೆ ಮೂಲೆ ಗ್ಯಾರೇಜಿನ ಅಣ್ಣ ಸಂಜೆಯೊಳಗೆ ಏನಾದರೂ ಮಾಡಿ ಓಡಿಸಿ ಕೊಡ್ತಿದ್ದ. ಇಲ್ಲಿ ಅದು ಆಗಲ್ಲ. ತಪ್ಪು ಎಲ್ಲಿದೆ ಅಂತ ಓದೋಕೇ ಕಂಪನಿಯ ಸಾಫ್ಟ್‌ವೇರ್ ಬೇಕು, ಬೇರೆಯವರು ಬ್ಯಾಟರಿ ಬಿಚ್ಚಿದರೆ ವಾರಂಟಿ ಹೋಗುತ್ತೆ.

ಹಾಗಾಗಿ ನಾವು ಗೆಳೆಯನ ಜೊತೆ ಶೋರೂಮಿಗೆ ಹೋಗೋ ಮೊದಲು ಸರ್ವಿಸ್ ಸೆಂಟರಿಗೆ ಹೋದ್ವಿ. ಅವನ ಲಿಸ್ಟಿನಲ್ಲಿ ಎರಡಿತ್ತು. ಒಂದು ಎಲ್‌ಎಫ್‌ಪಿ, 3 ಯೂನಿಟ್, ರೇಟ್ ಕಡಿಮೆ. ಇನ್ನೊಂದು ಎನ್‌ಎಂಸಿ, 3.7 ಯೂನಿಟ್. ಮೊದಲನೆಯದರ ಸರ್ವಿಸ್ ಶೆಡ್ಡಿನ ಹಿಂದೆ ಹನ್ನೊಂದು ಸ್ಕೂಟರ್ ನಿಂತಿದ್ದವು, ನಾಲ್ಕರ ಸೀಟಿನ ಮೇಲೆ ಬೆರಳಲ್ಲಿ ಹೆಸರು ಬರೆಯೋಷ್ಟು ಧೂಳು. "ಅಣ್ಣಾ, ಬ್ಯಾಟರಿ ರಿಪೇರಿ ಇಲ್ಲೇ ಮಾಡ್ತೀರಾ?" ಅಂತ ಕೇಳಿದ್ವಿ. "ಇಲ್ಲಪ್ಪಾ, ಬೆಂಗಳೂರಿಗೆ ಕಳಿಸ್ತೀವಿ, ಅಲ್ಲಿಂದ ಬಂದಾಗ ಬಂತು" ಅಂದರು. ಪಾಪ, ನಿಜ ಹೇಳಿದರು. ಎರಡನೆಯ ಕಡೆ ಕಾಯ್ತಾ ಕೂತಿದ್ದ ಒಬ್ಬ ಆಂಟಿಯನ್ನ ಮಾತಾಡಿಸಿದ್ವಿ. "ಬೆಳಗ್ಗೆ ಬಿಟ್ಟಿದ್ದೆ ಕಣ್ರಪ್ಪಾ, ಸಾಯಂಕಾಲ ಬಾ ಅಂದ್ರು, ಬಂದೆ" ಅಂದರು.

ವಾರಂಟಿ ಕಾಗದದಲ್ಲೂ ವರ್ಷ, ಕಿಲೋಮೀಟರ್ ಮಾತ್ರ ನೋಡಬೇಡಿ. ಬ್ಯಾಟರಿ ಎಷ್ಟು ಪರ್ಸೆಂಟಿಗಿಂತ ಕೆಳಗಿಳಿದರೆ ಬದಲಾಯಿಸಿ ಕೊಡ್ತಾರೆ ಅನ್ನೋದನ್ನ ಹುಡುಕಿ. ಕಾಗದದಲ್ಲಿ 70 ಅಂತಿದ್ದರೆ, 72ಕ್ಕೆ ಇಳಿದ ಬ್ಯಾಟರಿ ಅವರ ಲೆಕ್ಕದಲ್ಲಿ ಚೆನ್ನಾಗೇ ಇದೆ, ನೀವು ಮಾತ್ರ ದಾರೀಲಿ ನಿಂತಿರ್ತೀರ. ಟೋಯಿಂಗ್ ಎಷ್ಟು ಕಿಲೋಮೀಟರ್‌ವರೆಗೆ ಫ್ರೀ ಅಂತಲೂ ಕೇಳಿ.

ಗೆಳೆಯ ಎರಡನೆಯದನ್ನೇ ಬುಕ್ ಮಾಡಿದ, ರೇಟ್ ಜಾಸ್ತಿ ಅಂತ ಅವರಪ್ಪ ಎರಡು ದಿನ ಮಾತು ಬಿಟ್ಟಿದ್ದರಂತೆ. ಹಾಸ್ಟೆಲ್‌ನಲ್ಲಿರೋ ನಮ್ಮಂಥವರ ಸಮಸ್ಯೆ ಬೇರೆ, ಪಾರ್ಕಿಂಗ್‌ನಲ್ಲಿ ಒಂದು ಪ್ಲಗ್ ಪಾಯಿಂಟೂ ಇಲ್ಲ. ಬ್ಯಾಟರಿ ಕಳಚಿ ರೂಮಿಗೆ ಒಯ್ಯೋ ಮಾಡೆಲ್ ಇವೆ, ಆದರೆ ಅದನ್ನ ಹೊತ್ತುಕೊಂಡು ಮೂರನೇ ಮಹಡಿ ಹತ್ತಿದ ಮೇಲೆ ವಾರ್ಡನ್ ಸರ್ ಚಾರ್ಜ್ ಹಾಕೋಕೆ ಬಿಡ್ತಾರಾ ಅಂತ ಇನ್ನೂ ಕೇಳಿಲ್ಲ. ಮುಂದಿನ ವಾರ ಕೇಳ್ತೀವಿ.