ಬೆಳಗಿನ ರಜೆಯ ನಾಲ್ಕು ಸಾಲು

ಅಸ್ವಸ್ಥನಾದ ನೌಕರನು ಆ ದಿನವೇ ಬೆಳಿಗ್ಗೆ ತನ್ನ ಮೇಲಧಿಕಾರಿಗೆ ಕಳುಹಿಸುವ ರಜೆಯ ಸಂದೇಶವು ಯಾಚನೆಯೋ, ಸೂಚನೆಯೋ? ಶಾಲೆಯಲ್ಲಿ ನಾವೆಲ್ಲರೂ ಕಲಿತ ರಜಾ ಅರ್ಜಿಯು ‘ದಯಪಾಲಿಸಬೇಕಾಗಿ ವಿನಂತಿ’ ಎಂದು ಮುಗಿಯುತ್ತಿದ್ದುದರಿಂದಲೋ ಏನೋ, ಪ್ರೌಢರಾದ ಮೇಲೂ ಅನೇಕರು ಜ್ವರದ ಅಂಕಿ, ವಾಂತಿಯ ವೃತ್ತಾಂತ, ವೈದ್ಯರ ಮಾತು ಇವೆಲ್ಲವನ್ನೂ ಸಾಕ್ಷಿಗಳಂತೆ ಸಾಲಾಗಿ ನಿಲ್ಲಿಸಿ ಕರುಣೆಯನ್ನು ಬೇಡುವರು. ಆದರೆ ಅಂದಿನ ಕೆಲಸದ ಗತಿಯೇನೆಂಬ ಒಂದು ಮಾತನ್ನು ಮಾತ್ರ ಮರೆಯುವರು. ಕರ್ನಾಟಕದ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961, ಕಾಯಿಲೆ, ಅಪಘಾತ ಅಥವಾ ಇತರ ಯುಕ್ತ ಕಾರಣಗಳಿಗಾಗಿ ವರ್ಷಕ್ಕೆ 12 ದಿನಗಳನ್ನು ಮೀರದ ಸವೇತನ ರಜೆಯನ್ನು ಹಕ್ಕಾಗಿಯೇ ಕೊಟ್ಟಿರುವಾಗ, ಬೇಡುವ ಧ್ವನಿಗೆ ಆಧಾರವಿಲ್ಲ. ನೌಕರನು ಕೊಡಬೇಕಾದದ್ದು ರೋಗದ ವರ್ಣನೆಯನ್ನಲ್ಲ. ತನಗೊಬ್ಬನಿಗೇ ತಿಳಿದಿರುವ ಕಾರ್ಯಸ್ಥಿತಿಯನ್ನು.

ಒಂದು ನಿದರ್ಶನವನ್ನು ಭಾವಿಸೋಣ. ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳನ್ನು ಮಾರುವ ಒಂದು ಪಾಲುದಾರಿಕೆ ಸಂಸ್ಥೆ. ಅದರ ಲೆಕ್ಕಪತ್ರಗಳನ್ನು ನೋಡಿಕೊಳ್ಳುವವನಿಗೆ ತಿಂಗಳ 20ನೆಯ ತಾರೀಖಿನಂದೇ ಜ್ವರ ಬಂದಿದೆ. ಪ್ರತಿ ತಿಂಗಳೂ ಜಿಎಸ್‌ಟಿ ವಿವರ ಸಲ್ಲಿಸುವವರಿಗೆ ಹಿಂದಿನ ತಿಂಗಳ 3ಬಿ ರಿಟರ್ನ್‌ಗೆ ಅದೇ ಕಡೆಯ ದಿನ. ಅವನು ಏಳೂವರೆಯ ಹೊತ್ತಿಗೆ ಬರೆಯತಕ್ಕದ್ದು ಇಷ್ಟೇ:

‘ಸರ್, ರಾತ್ರಿಯಿಂದ ಜ್ವರ ಇದೆ, ಇವತ್ತು ಬರಲಾಗುವುದಿಲ್ಲ. 3ಬಿ ಇವತ್ತೇ ಸಲ್ಲಿಸಬೇಕು. ಅಂಕಿಗಳನ್ನು ತುಂಬಿ ಸೇವ್ ಮಾಡಿದ್ದೇನೆ, ಚಲನ್ ಸಿದ್ಧವಿದೆ, ಹಣ ಕಟ್ಟಿಲ್ಲ. ಸವಿತಾ ಮೇಡಂ ಜೊತೆ ಮಾತಾಡಿದ್ದೇನೆ, ಮಧ್ಯಾಹ್ನದೊಳಗೆ ಮುಗಿಸುತ್ತೇನೆ ಎಂದಿದ್ದಾರೆ. ಓಟಿಪಿ ನಿಮ್ಮ ಫೋನಿಗೆ ಬರುತ್ತದೆ. ಉಳಿದದ್ದೆಲ್ಲ ನಾಳೆಗೆ ಕಾಯುತ್ತದೆ. ನಾಳೆ ಬರುವ ವಿಚಾರ ಸಂಜೆ ತಿಳಿಸುತ್ತೇನೆ.’

ಇದರಲ್ಲಿ ಅತ್ಯಂತ ಬೆಲೆಯುಳ್ಳ ಮಾತು ‘ಹಣ ಕಟ್ಟಿಲ್ಲ’ ಎಂಬುದು. ‘ರಿಟರ್ನ್ ಸಿದ್ಧವಿದೆ’ ಎಂದಷ್ಟೇ ಬರೆದಿದ್ದರೆ, ಓದಿದವರು ಕೆಲಸವು ಮುಗಿದೇಹೋಯಿತೆಂದು ತಿಳಿದು ನಿಶ್ಚಿಂತರಾಗುತ್ತಿದ್ದರು. ಏಕೆಂದರೆ ಅರ್ಧವಾದ ಕೆಲಸವನ್ನು ಹೊರಗಿನಿಂದ ನೋಡಿದವರಿಗೆ ಅದು ಪೂರ್ಣವಾದದ್ದರಂತೆಯೇ ತೋರುವುದು. ಎರಡನೆಯದು, ಹೊಣೆಯನ್ನು ವಹಿಸಿಕೊಂಡವರ ಹೆಸರು. ‘ಯಾರಾದರೂ ನೋಡಿಕೊಳ್ಳಲಿ’ ಎಂದು ಗುಂಪಿಗೆ ಹಾಕಿದ ಸಂದೇಶವನ್ನು ಎಲ್ಲರೂ ಓದುವರು, ಯಾರೂ ಕೈಗೆತ್ತಿಕೊಳ್ಳರು. ಹೆಸರಿಸಿದರೂ, ಆ ವ್ಯಕ್ತಿಯನ್ನು ಮೊದಲು ಕೇಳದೆ ಹೆಸರಿಸುವುದು ಅವಿನಯ ಮಾತ್ರವಲ್ಲ, ನಿಷ್ಫಲವೂ ಹೌದು: ಅಂದು ಅವರೂ ರಜೆಯಲ್ಲಿರಬಹುದು, ಅಥವಾ ಅವರ ಮೇಜಿನ ಮೇಲೆಯೇ ಅಂತಹ ಮತ್ತೊಂದು ತುರ್ತು ಇರಬಹುದು. ನೀಲಿ ಗುರುತು ಬಿದ್ದಿತೆಂದ ಮಾತ್ರಕ್ಕೆ ಅವರು ಒಪ್ಪಿದರೆಂದು ಎಣಿಸಲಾಗದು. ‘ಮಾಡುತ್ತೇನೆ’ ಎಂಬ ಉತ್ತರ ಬಂದಮೇಲೆಯೇ ಹೊಣೆಯು ಕೈಬದಲಾಯಿಸಿತೆಂದು ಅರ್ಥ.

ಇಷ್ಟಾದರೂ ಕೆಲಸ ಕೆಡುವ ಸ್ಥಾನವೊಂದಿದೆ. ಸಣ್ಣ ಸಂಸ್ಥೆಗಳಲ್ಲಿ ಎಷ್ಟೋ ಕಡೆ ಪೋರ್ಟಲ್ಲಿನಲ್ಲಿ ನೋಂದಾಯಿಸಿರುವುದು ಲೆಕ್ಕ ಬರೆಯುವವನ ಮೊಬೈಲ್ ಸಂಖ್ಯೆಯನ್ನೇ. ಹಾಗಿದ್ದಲ್ಲಿ, ಸವಿತಾ ಅವರು ಎಷ್ಟೇ ಸಮರ್ಥರಾಗಿದ್ದರೂ, ಓಟಿಪಿಯು ಔಷಧ ಕುಡಿದು ನಿದ್ರಿಸುತ್ತಿರುವ ರೋಗಿಯ ದಿಂಬಿನ ಪಕ್ಕದಲ್ಲಿ ಸದ್ದುಮಾಡಿ ಸುಮ್ಮನಾಗುವುದು. ಇದಕ್ಕೆ ಅಂದಿನ ಬೆಳಗಿನ ಸಂದೇಶವು ಪರಿಹಾರವಲ್ಲ. ಆರೋಗ್ಯವಾಗಿದ್ದ ದಿನಗಳಲ್ಲಿಯೇ ಆ ಸಂಖ್ಯೆಯನ್ನು ಪಾಲುದಾರರೊಬ್ಬರದಕ್ಕೆ ಬದಲಾಯಿಸಿರಬೇಕಾಗಿತ್ತು, ಮತ್ತು ಈ ಲೋಪವು ನೌಕರನದಕ್ಕಿಂತ ಹೆಚ್ಚಾಗಿ ಯಜಮಾನರದು.

ಇನ್ನು ‘ತುರ್ತು’ ಎಂಬುದರ ಪ್ರಮಾಣವೇನು? ಅಂದು 3ಬಿ ತಪ್ಪಿಯೇ ಹೋಯಿತೆಂದು ಇಟ್ಟುಕೊಳ್ಳೋಣ. ತೆರಿಗೆ ಬಾಕಿಯಿರುವ ರಿಟರ್ನ್‌ಗೆ ವಿಳಂಬ ಶುಲ್ಕವು ದಿನಕ್ಕೆ 50 ರೂಪಾಯಿ. ನಗದಾಗಿ ಕಟ್ಟಬೇಕಾದ ತೆರಿಗೆಯು 2 ಲಕ್ಷವಾದರೆ, ವಾರ್ಷಿಕ ಶೇಕಡ 18ರ ಬಡ್ಡಿಯಂತೆ ಒಂದು ದಿನಕ್ಕೆ ಸುಮಾರು 99 ರೂಪಾಯಿ. ಒಟ್ಟು ಹಾನಿಯು 150 ರೂಪಾಯಿಯನ್ನು ಮುಟ್ಟದು. ಇಷ್ಟಕ್ಕಾಗಿ ಜ್ವರಪೀಡಿತನೊಬ್ಬನನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ, 20ರ ಸಂಜೆಯ ನೂಕುನುಗ್ಗಲಿನಲ್ಲಿ ಕುಂಟುವ ಪೋರ್ಟಲ್ಲಿನೊಡನೆ ಹೆಣಗಿಸುವ ವ್ಯವಸ್ಥಾಪಕರಿಗೆ ಲೆಕ್ಕವೂ ತಿಳಿಯದು, ಆಡಳಿತವೂ ತಿಳಿಯದು. ಹಾಗೆಂದು ಹಸ್ತಾಂತರವೇ ಅನಾವಶ್ಯಕವೆಂದು ನಾನು ಹೇಳುತ್ತಿಲ್ಲ. ಐದು ನಿಮಿಷದ ಒಂದು ಫೋನ್ ಕರೆಯಿಂದ ತಪ್ಪುವ ದಂಡವನ್ನು, ಅದು ಎಷ್ಟೇ ಅಲ್ಪವಾಗಿದ್ದರೂ, ತಪ್ಪಿಸುವುದು ಸೌಜನ್ಯ. ಆ ಐದು ನಿಮಿಷವನ್ನು ಮೀರಿ ರೋಗಿಯಿಂದ ಏನನ್ನೂ ಅಪೇಕ್ಷಿಸುವಂತಿಲ್ಲ. ಸಂದೇಶದಲ್ಲಿ ‘ಉಳಿದದ್ದೆಲ್ಲ ನಾಳೆಗೆ ಕಾಯುತ್ತದೆ’ ಎಂಬ ವಾಕ್ಯವಿರುವುದೂ ಇದಕ್ಕಾಗಿಯೇ. ಹತ್ತು ಕೆಲಸಗಳನ್ನು ಪಟ್ಟಿಮಾಡಿ ಎಲ್ಲವನ್ನೂ ತುರ್ತೆಂದವನ ಮಾತಿನಲ್ಲಿ ನಿಜವಾದ ಒಂದು ತುರ್ತು ಹುದುಗಿಹೋಗುವುದು.

ಇಂತಹ ನಾಲ್ಕು ಸಾಲುಗಳನ್ನು ಪಡೆದ ವ್ಯವಸ್ಥಾಪಕರಲ್ಲಿ ನನ್ನ ಬಿನ್ನಹವೂ ಒಂದಿದೆ: ‘ಆಗಲಿ, ವಿಶ್ರಾಂತಿ ತೆಗೆದುಕೊಳ್ಳಿ’ ಎಂದು ಉತ್ತರಿಸಿ, ಆಮೇಲೆ ಏನು ಕೇಳಬೇಕಾದರೂ ಸವಿತಾ ಅವರನ್ನೇ ಕೇಳಿರಿ.