ಇನ್ನೂ ಹುಟ್ಟದ ಬಡ್ಡಿಯನ್ನು ಯಾಕೆ ಕಟ್ಟಬೇಕು?

ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾದ ಉಂಡೆ ಕೊಬ್ಬರಿ ತಿಪಟೂರು ಮಾರುಕಟ್ಟೆಗೆ ಹೋಗಿ ದುಡ್ಡಾಗಿ ಬಂದ ದಿನ, ಹಂದನಕೆರೆ ಕಡೆಯ ಮನೆಗಳಲ್ಲಿ ‘ಆ ಗಾಡಿ ಸಾಲ ಒಂದು ತೀರಿಸಿಬಿಡೋಣ’ ಎಂಬ ಮಾತು ಬಂದೇ ಬರುತ್ತದೆ. ನಮಗೆ ದುಡ್ಡು ಸಂಬಳದ ಹಾಗೆ ತಿಂಗಳು ತಿಂಗಳು ಬರುವುದಿಲ್ಲ, ಒಟ್ಟಿಗೆ ಬರುತ್ತದೆ. ಸಾಲದ ಕಂತು ಮಾತ್ರ ತಿಂಗಳಿಗೊಂದು. ಹಾಗಾಗಿ ಅವಧಿಗೆ ಮುಂಚೆ ಸಾಲ ಚುಕ್ತಾ ಮಾಡುವ ಯೋಚನೆ ಸಹಜವೇ. ಆದರೆ ಎಷ್ಟು ಕಟ್ಟಬೇಕು ಎಂಬ ಲೆಕ್ಕದಲ್ಲಿ ನಾವು ಎಡವುತ್ತೇವೆ. ಉಳಿದ ಕಂತು ಎಷ್ಟು, ಒಂದು ಕಂತಿಗೆ ಎಷ್ಟು ಎಂದು ಗುಣಿಸಿ, ಬಂದ ಮೊತ್ತವನ್ನೇ ಬಾಕಿ ಅಂದುಕೊಳ್ಳುತ್ತೇವೆ. ಅದು ಬಾಕಿಯಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಕಾಯಿ ಸಾಗಿಸಲು ಒಬ್ಬ ಬೆಳೆಗಾರ ಹಳೆಯ ಗೂಡ್ಸ್ ಗಾಡಿ ಕೊಳ್ಳುತ್ತಾನೆ ಅಂತ ಇಟ್ಟುಕೊಳ್ಳಿ. ಸಾಲ 3 ಲಕ್ಷ ರೂಪಾಯಿ, ಬಡ್ಡಿ ವರ್ಷಕ್ಕೆ 12%, ಅಂದರೆ ಉಳಿದ ಅಸಲಿನ ಮೇಲೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ. ಅವಧಿ 36 ತಿಂಗಳು. ಕಂತು 9,964 ರೂಪಾಯಿ ಬರುತ್ತದೆ.

ಮೊದಲ ತಿಂಗಳು 3 ಲಕ್ಷಕ್ಕೆ ಬಡ್ಡಿ 3,000 ರೂಪಾಯಿ. ಕಟ್ಟಿದ 9,964ರಲ್ಲಿ ಅದು ಮೊದಲು ಹೋಗುತ್ತದೆ. ಮಿಕ್ಕ 6,964 ಮಾತ್ರ ಅಸಲಿಗೆ ಜಮಾ. ಎರಡನೇ ತಿಂಗಳು ಅಸಲು 2,93,036ಕ್ಕೆ ಇಳಿದಿರುತ್ತದೆ, ಬಡ್ಡಿಯೂ 2,930ಕ್ಕೆ ಇಳಿಯುತ್ತದೆ, ಅಸಲಿಗೆ 7,034 ಹೋಗುತ್ತದೆ. ಹೀಗೆ ಕಂತು ಅಷ್ಟೇ ಇದ್ದರೂ ಒಳಗಿನ ಬಡ್ಡಿ ಕರಗುತ್ತಾ, ಅಸಲಿನ ಪಾಲು ಬೆಳೆಯುತ್ತಾ ಹೋಗುತ್ತದೆ. ಕೊನೆಯ ಕಂತಿನಲ್ಲಿ ಬಡ್ಡಿ ನೂರು ರೂಪಾಯಿಯಷ್ಟೇ ಇರುತ್ತದೆ.

ಒಂದು ವರ್ಷ ತಪ್ಪದೆ ಕಂತು ಕಟ್ಟಿದ ಮೇಲೆ ಅವನ ಕೈಗೆ ಕೊಬ್ಬರಿ ದುಡ್ಡು ಬರುತ್ತದೆ. ಉಳಿದಿರುವುದು 24 ಕಂತು. ಗುಣಿಸಿದರೆ 2,39,136 ರೂಪಾಯಿ. ಆದರೆ ಖಾತೆಯಲ್ಲಿ ಉಳಿದ ಅಸಲು 2,11,679 ಮಾತ್ರ. ನಡುವಿನ 27,457 ರೂಪಾಯಿ ಮುಂದಿನ ಎರಡು ವರ್ಷಗಳ ಬಡ್ಡಿ. ಆ ಎರಡು ವರ್ಷ ಇನ್ನೂ ಕಳೆದೇ ಇಲ್ಲ. ಐದು ಗಂಟೆ ಕೆಲಸ ಮಾಡಿಸಿ ಜೆಸಿಬಿಯನ್ನು ಕಳಿಸಿದವರು ಎಂಟು ಗಂಟೆಯ ಬಾಡಿಗೆ ಕೊಡುತ್ತಾರೆಯೇ? ಬಡ್ಡಿಯೂ ದುಡ್ಡಿಗೆ ಕೊಡುವ ಬಾಡಿಗೆಯೇ. ದುಡ್ಡು ವಾಪಸ್ ಕೊಟ್ಟ ದಿನಕ್ಕೆ ಅದು ನಿಲ್ಲಬೇಕು.

ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ತಪ್ಪಾಗಿ ಹಾಕುವವರೂ ಇದ್ದಾರೆ. ‘12 ಕಂತು ಕಟ್ಟಿದ್ದೀನಿ, 1,19,568 ರೂಪಾಯಿ ಆಯ್ತು, 3 ಲಕ್ಷದಲ್ಲಿ ಕಳೆದರೆ 1,80,432 ತಾನೇ ಉಳಿಯೋದು, ಬ್ಯಾಂಕಿನವರು ಮೋಸ ಮಾಡಿದರು’ ಅಂತ ಜಗಳಕ್ಕೆ ನಿಲ್ಲುತ್ತಾರೆ. ಕಟ್ಟಿದ್ದರಲ್ಲಿ 31,247 ರೂಪಾಯಿ ಬಡ್ಡಿಗೆ ಹೋಗಿದೆ, ಅಸಲಿಗೆ ಬಿದ್ದಿರುವುದು 88,321 ಮಾತ್ರ. ಇಲ್ಲಿ ಬ್ಯಾಂಕಿನ ಲೆಕ್ಕವೇ ಸರಿ.

ಹಾಗಂತ 2,11,679 ಹಿಡಿದುಕೊಂಡು ಹೋದರೆ ಸಾಲ ಮುಗಿಯುವುದಿಲ್ಲ. ಕಳೆದ ಕಂತಿನ ದಿನದಿಂದ ಚುಕ್ತಾ ಮಾಡುವ ದಿನದವರೆಗಿನ ಬಡ್ಡಿ ಸೇರುತ್ತದೆ. 15 ದಿನ ಆಗಿದ್ದರೆ ಸುಮಾರು 1,044 ರೂಪಾಯಿ. ಜೊತೆಗೆ ಒಪ್ಪಂದದಲ್ಲಿದ್ದರೆ ಫೋರ್‌ಕ್ಲೋಷರ್ ಶುಲ್ಕ. ಅದು 4% ಅಂತ ಇಟ್ಟುಕೊಂಡರೆ 8,467, ಅದರ ಮೇಲೆ 18% ಜಿಎಸ್‌ಟಿ 1,524. ಎಲ್ಲ ಸೇರಿ 2,22,714 ರೂಪಾಯಿ. ಸಾಲ ಕೊಟ್ಟವರಿಗೆ ಮುಂದಿನ ಬಡ್ಡಿ ತಪ್ಪುತ್ತದೆ, ಅದಕ್ಕೆ ಈ ಶುಲ್ಕ. ಒಪ್ಪೋಣ. ಆದರೂ ಕಂತು ಗುಣಿಸಿದ ಮೊತ್ತಕ್ಕಿಂತ ಇದು 16,422 ರೂಪಾಯಿ ಕಡಿಮೆ. ಮುಂದಿನ ಬಡ್ಡಿಯನ್ನೂ ಕಟ್ಟಿಸಿಕೊಂಡು, ಅದರ ಮೇಲೆ ಶುಲ್ಕವನ್ನೂ ಕೇಳಿದರೆ ಮಾತ್ರ ಒಪ್ಪಬಾರದು.

ಎಲ್ಲ ಸಾಲಕ್ಕೂ ಈ ಶುಲ್ಕ ಇಲ್ಲ. ಬದಲಾಗುವ ಬಡ್ಡಿ ದರದ ಮನೆ ಸಾಲ ತೀರಿಸುವ ವ್ಯಕ್ತಿಗಳಿಂದ ಬ್ಯಾಂಕುಗಳು ಇದನ್ನು ವಸೂಲಿ ಮಾಡುವಂತಿಲ್ಲ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಮೈಕ್ರೋಫೈನಾನ್ಸ್ ಸಾಲಕ್ಕೂ ಮುಂಚೆ ತೀರಿಸಿದ್ದಕ್ಕೆ ದಂಡವಿಲ್ಲ. ವಾರದ ಕಂತು ಕಟ್ಟುವ ಹೆಣ್ಣುಮಕ್ಕಳು ಇದನ್ನು ನೆನಪಿಟ್ಟುಕೊಳ್ಳಬೇಕು.

ಮುಂಚೆ ತೀರಿಸುವುದು ಯಾವಾಗಲೂ ಲಾಭ ಅಂತಲೂ ಅಲ್ಲ. ಅದೇ ಗಾಡಿ ಸಾಲದಲ್ಲಿ ಆರು ಕಂತು ಮಾತ್ರ ಉಳಿದಿದ್ದರೆ ಗುಣಿಸಿದ ಮೊತ್ತ 59,784, ಉಳಿದ ಅಸಲು ಸುಮಾರು 57,760. ವ್ಯತ್ಯಾಸ ಎರಡು ಸಾವಿರ ರೂಪಾಯಿ ಚಿಲ್ಲರೆ. ಶುಲ್ಕ ಮತ್ತು ಜಿಎಸ್‌ಟಿಯೇ 2,700 ದಾಟುತ್ತದೆ. ಬಡ್ಡಿಯ ದೊಡ್ಡ ಭಾಗ ಮೊದಲ ತಿಂಗಳುಗಳಲ್ಲೇ ಹೋಗಿಬಿಟ್ಟಿರುತ್ತದೆ. ಅಂಥ ಹೊತ್ತಿನಲ್ಲಿ ದುಡ್ಡನ್ನು ಉಳಿತಾಯ ಖಾತೆಯಲ್ಲಿಟ್ಟು ಕಂತು ಕಟ್ಟಿಕೊಂಡು ಹೋಗುವುದೇ ವಾಸಿ.

ಇಷ್ಟು ಹೊತ್ತು ಹೇಳಿದ್ದು ಇಳಿಯುವ ಅಸಲಿನ ಮೇಲೆ ಬಡ್ಡಿ ಹಾಕುವ ಸಾಲದ ಮಾತು. ‘ಫ್ಲಾಟ್ 12%’ ಅಂದರೆ ಕಥೆ ಬೇರೆ. ಅಲ್ಲಿ ಮೂರು ವರ್ಷವೂ ಪೂರ್ತಿ 3 ಲಕ್ಷಕ್ಕೆ ಬಡ್ಡಿ ಹಾಕಿ, 1,08,000 ರೂಪಾಯಿಯನ್ನು ಅಸಲಿಗೆ ಸೇರಿಸಿ 36 ಭಾಗ ಮಾಡುತ್ತಾರೆ. ಕಂತು 11,333 ಆಗುತ್ತದೆ. ಇಳಿಯುವ ಅಸಲಿನ ಲೆಕ್ಕಕ್ಕೆ ತಂದರೆ ಅದು ವರ್ಷಕ್ಕೆ 21% ದಾಟುತ್ತದೆ. ಸಾಲ ಕೊಡಿಸುವವರು ಬಾಯಲ್ಲಿ 12 ಅಂದರೂ ಕಂತು ನೋಡಿದರೆ ಗುಟ್ಟು ಗೊತ್ತಾಗುತ್ತದೆ.

ಇದನ್ನೆಲ್ಲ ನಾವೇ ಕೂಡಿ ಕಳೆದು ಕಂಡುಹಿಡಿಯಬೇಕಾಗಿಲ್ಲ. 2024ರ ಅಕ್ಟೋಬರ್ 1ರಿಂದ ಮಂಜೂರಾದ ವೈಯಕ್ತಿಕ ಮತ್ತು ಸಣ್ಣ ಉದ್ಯಮದ ಅವಧಿ ಸಾಲಗಳಿಗೆ ಬ್ಯಾಂಕು, ಫೈನಾನ್ಸ್ ಕಂಪನಿಗಳು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಹಾಳೆ ಕೊಡಬೇಕು, ಅದೂ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ. ಶುಲ್ಕಗಳೂ ಸೇರಿದ ವಾರ್ಷಿಕ ದರ ಅದರಲ್ಲಿರುತ್ತದೆ. ಪ್ರತಿ ಕಂತಿನಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು, ಕಟ್ಟಿದ ಮೇಲೆ ಉಳಿಯುವುದೆಷ್ಟು ಎಂಬ ಪಟ್ಟಿಯೂ ಇರುತ್ತದೆ. ಸಾಲ ತೀರಿಸಲು ಹೊರಟವರು ಮೊದಲು ಆ ಪಟ್ಟಿಯಲ್ಲಿ ತಮ್ಮ ತಿಂಗಳ ಸಾಲು ಹುಡುಕಬೇಕು. ಆಮೇಲೆ ಶಾಖೆಯಲ್ಲಿ, ಚುಕ್ತಾ ಮಾಡುವ ತಾರೀಕು ಹೇಳಿ, ಫೋರ್‌ಕ್ಲೋಷರ್ ಸ್ಟೇಟ್‌ಮೆಂಟ್ ಬರಹದಲ್ಲಿ ಕೇಳಬೇಕು. ಅಸಲು, ಈವರೆಗಿನ ಬಡ್ಡಿ, ಶುಲ್ಕ, ಹಳೆಯ ದಂಡ ಎಲ್ಲ ಬೇರೆ ಬೇರೆ ಸಾಲಿನಲ್ಲಿರಲಿ. ಅಸಲಿನ ಸಾಲು ಪಟ್ಟಿಗೆ ತಾಳೆಯಾಗದಿದ್ದರೆ, ಯಾಕೆ ಅಂತ ಕೇಳಿ ತಿಳಿದುಕೊಂಡ ಮೇಲೆಯೇ ದುಡ್ಡು ಎಣಿಸಿ.

ಸಾಲ ಕೊಡುವವರಿಗೂ ಒಂದು ಮಾತು. ಕಂತು ಕಟ್ಟಿದ ತಕ್ಷಣ ಫೋನಿಗೆ ಮೆಸೇಜ್ ಕಳಿಸುತ್ತೀರಿ. ಜಮಾ ಆದ ಮೊತ್ತದ ಪಕ್ಕದಲ್ಲೇ ‘ಉಳಿದ ಅಸಲು ಇಷ್ಟು’ ಅಂತ ಕನ್ನಡದಲ್ಲಿ ಇನ್ನೊಂದು ಸಾಲು ಹಾಕಿ. ಆಗ ಕೊಬ್ಬರಿ ಮಾರಿ ಬಂದವನು ಕಂತು ಗುಣಿಸುತ್ತಾ ಕೂರುವುದಿಲ್ಲ.