ಕ್ರಿಯಾಪದ ಬದಲಾಯಿಸಿದ್ರೆ ಸಾಮರ್ಥ್ಯ ಬರಲ್ಲ ಮಾರಾಯ್ರೇ

1/5
ಸಿಲೆಬಸ್ ಕಾಪಿಯ ಮೊದಲ ಪುಟ ಯಾರಾದ್ರೂ ಓದ್ತೀರಾ? 2021-22ರಲ್ಲಿ ನಮ್ಮ ರಾಜ್ಯದ ಡಿಗ್ರಿ ಕಾಲೇಜುಗಳಿಗೆ ಎನ್‌ಇಪಿ ಬಂದಾಗ ಪಾಠಪಟ್ಟಿಯ ಜೊತೆ ‘ಕೋರ್ಸ್ ಔಟ್‌ಕಮ್ಸ್’ ಅನ್ನೋ ಪಟ್ಟಿಯೂ ಬಂತು. ಈ ಪೇಪರ್ ಮುಗಿಸಿದ ವಿದ್ಯಾರ್ಥಿಗೆ ಏನೇನು ಬರಬೇಕು ಅಂತ ಹೇಳೋ ಪಟ್ಟಿ ಅದು. ಸಾಮರ್ಥ್ಯ ಆಧಾರಿತ ಪಠ್ಯಕ್ರಮದ ಬೀಜ ಇರೋದು ಅಲ್ಲೇ: ‘ಪೋರ್ಷನ್ ಎಷ್ಟು ಮುಗೀತು’ ಅನ್ನೋದರ ಬದಲು ‘ಇವನಿಗೆ ಏನು ಮಾಡೋಕೆ ಬರುತ್ತೆ’ ಅಂತ ಕೇಳೋದು. ಪೋರ್ಷನ್ ಪದ್ಧತಿಯಲ್ಲಿ ಸಮಯ ಎಲ್ಲರಿಗೂ ಒಂದೇ, ಕಲಿಕೆ ಮಾತ್ರ ಹೆಚ್ಚುಕಮ್ಮಿ. ಸಾಮರ್ಥ್ಯ ಪದ್ಧತಿಯಲ್ಲಿ ಕಲಿಕೆ ಎಲ್ಲರಿಗೂ ಆಗಲೇಬೇಕು, ಸಮಯ ಹೆಚ್ಚುಕಮ್ಮಿ ಆಗಬಹುದು.

2/5
ಇದು ವಿದೇಶಿ ಫ್ಯಾಷನ್ ಅನ್ನೋರಿಗೆ ಒಂದು ನೆನಪು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಇದನ್ನೇ ಮಾಡಿತ್ತು. ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಗೊತ್ತು: ಗೋಡೆ ಮೇಲೆ ಕಲಿಕಾ ಏಣಿ, ಕೈಯಲ್ಲಿ ಕಾರ್ಡು, ಕೂರೋಕೆ ತಟ್ಟೆ. ಈ ಮೆಟ್ಟಿಲು ಬಂದ್ರೆ ಮುಂದಿನದು, ಬರದಿದ್ರೆ ಇನ್ನೊಂದು ಕಾರ್ಡು. ಒಂದನೇ ಕ್ಲಾಸಿನ ಮಗುವಿಗೆ ಕೊಟ್ಟ ಆ ಅವಕಾಶ ಇಪ್ಪತ್ತು ವರ್ಷದ ನಮಗೆ ಯಾಕಿಲ್ಲ?

3/5
ಬಿ.ಕಾಂ.ನವರಿಗೆ ಪರಿಚಯ ಇರೋ ಉದಾಹರಣೆ: ಬ್ಯಾಂಕ್ ರಿಕನ್ಸಿಲಿಯೇಷನ್ ಸ್ಟೇಟ್‌ಮೆಂಟ್. ನಮ್ಮ ಕ್ಯಾಶ್ ಬುಕ್ಕಿನ ಬ್ಯಾಂಕ್ ಲೆಕ್ಕ, ಬ್ಯಾಂಕಿನ ಪಾಸ್‌ಬುಕ್ಕು ಎರಡೂ ಯಾಕೆ ತಾಳೆ ಆಗ್ತಿಲ್ಲ ಅಂತ ತೋರಿಸೋದು. ಹಳೇ ಉದ್ದೇಶ: ‘ಬಿಆರ್‌ಎಸ್‌ನ ಅರ್ಥ, ಅಗತ್ಯ ಮತ್ತು ತಯಾರಿಕೆಯನ್ನು ತಿಳಿಯುವರು.’ ಹೊಸ ಔಟ್‌ಕಮ್: ‘...ವಿವರಿಸುವರು.’ ಅಷ್ಟೇ! ‘ತಿಳಿಯುವರು’ ಹೋಗಿ ‘ವಿವರಿಸುವರು’ ಬಂತು. ಪಾಠವೂ ಅದೇ, ಪ್ರಶ್ನೆಯೂ ಅದೇ. ಇದನ್ನ ನಾನು ಬಣ್ಣ ಬಳಿಯೋದು ಅಂತೀನಿ.

ನಿಜವಾಗಿ ತಿರುಗಿಸಿ ಬರೆಯೋ ಮೇಷ್ಟ್ರು ಮೊದಲು ಕೇಳಬೇಕಾದ್ದು, ಈ ಕೆಲಸ ಯಾರಿಗೆ, ಎಲ್ಲಿ ಬೇಕು ಅಂತ. ನಮ್ಮ ಭಾಗಮಂಡಲದಲ್ಲೇ ನೋಡಿ. ತುಲಾ ಸಂಕ್ರಮಣದ ರಶ್ ಮುಗಿದ ಮೇಲೆ ಒಂದು ಹಣ್ಣುಕಾಯಿ ಅಂಗಡಿಯವರು ಅಕ್ಟೋಬರ್ ಲೆಕ್ಕ ನೋಡ್ತಾರೆ ಅಂದ್ಕೊಳ್ಳಿ. ಕ್ಯಾಶ್ ಬುಕ್ಕಿನಲ್ಲಿ 48,000, ಪಾಸ್‌ಬುಕ್ಕಿನಲ್ಲಿ 41,500. ಅವರ ಹತ್ರ ಇರೋದು ಎರಡು ಪುಸ್ತಕ ಮಾತ್ರ. ಕಾರಣ ಬರೆದ ಚೀಟಿ ಯಾರೂ ಕೊಡಲ್ಲ.

ಪರೀಕ್ಷೆಯಲ್ಲಿ ಆಗೋದು ಉಲ್ಟಾ. ‘8,000ದ ಚೆಕ್ ಜಮಾ ಆಗಿಲ್ಲ, ಬ್ಯಾಂಕ್ ಚಾರ್ಜ್ 500’ ಅಂತ ಕಾರಣಗಳನ್ನ ಪ್ರಶ್ನೆಯಲ್ಲೇ ಕೊಡ್ತಾರೆ. ನಾವು ಕೂಡಿಸೋದು-ಕಳೆಯೋದು ಬಾಯಿಪಾಠ ಮಾಡಿ ಬರೀತೀವಿ. ಅಸಲಿ ಕೆಲಸ, ಅಂದ್ರೆ ಹುಡುಕೋದು, ಪರೀಕ್ಷೆಗೆ ಬರೋದೇ ಇಲ್ಲ.

4/5
ಸರಿ, ಹಾಗಾದ್ರೆ ಹೇಗೆ ಬರೀಬೇಕು? ಅಮೆರಿಕದ ರಾಬರ್ಟ್ ಮೇಗರ್ 1962ರಲ್ಲೇ ಹೇಳಿದ ಹಾಗೆ ಮೂರು ಸಂಗತಿ ಬೇಕು: ಕಣ್ಣಿಗೆ ಕಾಣೋ ಕೆಲಸ, ಯಾವ ಸನ್ನಿವೇಶದಲ್ಲಿ, ಎಷ್ಟು ಸರಿಯಾಗಿ. ಹಾಗೆ ನಾನು ಬರೆದದ್ದು:

‘ಒಂದು ತಿಂಗಳ ಕ್ಯಾಶ್ ಬುಕ್ ಮತ್ತು ಪಾಸ್‌ಬುಕ್ ಕೊಟ್ಟಾಗ, ಕಾರಣಗಳ ಪಟ್ಟಿ ಇಲ್ಲದೆ, ವ್ಯತ್ಯಾಸಗಳನ್ನು ತಾನೇ ಹುಡುಕಿ, ಯಾವುದನ್ನು ಪುಸ್ತಕದಲ್ಲಿ ಸೇರಿಸಬೇಕು, ಯಾವುದಕ್ಕೆ ಕಾಯಬೇಕು ಎಂದು ಬೇರ್ಪಡಿಸಿ, ರೂಪಾಯಿ ಬಾಕಿ ಉಳಿಯದಂತೆ ಪಟ್ಟಿ ಮಾಡುವರು.’

ಅಂಗಡಿ ಲೆಕ್ಕಕ್ಕೆ ಹಚ್ಚಿ ನೋಡಿ. ಸಾಲುಸಾಲಾಗಿ ಟಿಕ್ ಹಾಕ್ತಾ ಹೋದ್ರೆ ಮೂರು ಸಾಲು ಟಿಕ್ ಇಲ್ಲದೆ ಉಳಿಯುತ್ತೆ. ಬ್ಯಾಂಕ್ ಚಾರ್ಜ್ 500, ಗಿರಾಕಿ ಕ್ಯೂಆರ್‌ಗೆ ಹಾಕಿದ 2,000, ಇವೆರಡೂ ನಮ್ಮ ಪುಸ್ತಕದಲ್ಲಿ ಬರೆದಿಲ್ಲ. ಬರೆದ್ರೆ ಕ್ಯಾಶ್ ಬುಕ್ 49,500 ಆಗುತ್ತೆ. ಪಾಸ್‌ಬುಕ್ಕಿಗೂ ಅದಕ್ಕೂ ಉಳಿದ ಅಂತರ 8,000, ತಿಂಗಳ ಕೊನೆಗೆ ಹಾಕಿದ ಚೆಕ್. ಅದು ಕ್ಲಿಯರ್ ಆಗೋವರೆಗೆ ಸುಮ್ನೆ ಕಾಯೋದು. ಈ ಬೇರ್ಪಡಿಸೋದು ಬಂದ್ರೆ ಮಾತ್ರ ಬಿಆರ್‌ಎಸ್ ಬಂತು ಅಂತ ಅರ್ಥ.

5/5
‘ಅರವತ್ತು ಜನರ ಕ್ಲಾಸಲ್ಲಿ ಇದೆಲ್ಲ ಆಗುತ್ತಾ?’ ನ್ಯಾಯವಾದ ಪ್ರಶ್ನೆ. ಪೂರ್ತಿ ಆಗಲ್ಲ. ಆದ್ರೆ ಎರಡು ಹಾಳೆ ಜೆರಾಕ್ಸ್ ಮಾಡಿಸೋದು ಕಷ್ಟ ಅಲ್ಲ. ಉಳಿದ ಅಂತರ 8,000 ಬಂತಾ ಇಲ್ವಾ ಅಂತ ತಿದ್ದೋದೂ ಬೇಗ. ಬರದವರಿಗೆ ಫೇಲ್ ಅನ್ನೋ ಬದಲು ಬೌನ್ಸ್ ಆದ ಚೆಕ್ ಇರೋ ಇನ್ನೊಂದು ತಿಂಗಳ ಹಾಳೆ ಕೊಡಿ. ಬಂದವರಿಗೂ ಕೊಡಿ, ಒಂದು ಸಲ ತಾಳೆ ಆಗಿದ್ದು ಅದೃಷ್ಟವೂ ಇರಬಹುದು.

ಇನ್ನೊಂದು ಕಡೆಯವರಿಗೂ ಒಂದು ಮಾತಿದೆ. ಒಂದು ಪಾಠವನ್ನ ನಲವತ್ತು ಚೂರು ಸಾಮರ್ಥ್ಯ ಮಾಡಿ, ಟಿಕ್ ಹಾಕಿ ಫೈಲು ತುಂಬಿಸಬೇಡಿ. ನಮಗೆ ಡೆಬಿಟ್ ಆಗಿರೋದು ಬ್ಯಾಂಕಿನ ಪುಸ್ತಕದಲ್ಲಿ ಯಾಕೆ ಕ್ರೆಡಿಟ್ ಅನ್ನೋದನ್ನ ಬೋರ್ಡ್ ಮೇಲೆ ಕೂತು ಬಿಡಿಸಿ ಹೇಳಲೇಬೇಕು. ಅದಕ್ಕೆ ಟಿಕ್ ಬಾಕ್ಸ್ ಸಾಲಲ್ಲ.

ಕಾಲೇಜಿನಲ್ಲಿ ಯಾರಾದ್ರೂ ‘ನಮ್ಮದು ಕಾಂಪಿಟೆನ್ಸಿ ಬೇಸ್ಡ್’ ಅಂದ್ರೆ ಔಟ್‌ಕಮ್ ಪಟ್ಟಿ ಪಕ್ಕಕ್ಕಿಡಿ. ಹೋದ ಸೆಮಿಸ್ಟರಿನ ಪ್ರಶ್ನೆಪತ್ರಿಕೆ ಕೇಳಿ. ಬಿಆರ್‌ಎಸ್ ಲೆಕ್ಕದಲ್ಲಿ ಕಾರಣಗಳನ್ನ ಅವರೇ ಕೊಟ್ಟಿದ್ದಾರಾ, ನಿಮಗೆ ಹುಡುಕೋಕೆ ಬಿಟ್ಟಿದ್ದಾರಾ? ನೋಡಿ ಕಾಮೆಂಟ್‌ನಲ್ಲಿ ಹಾಕಿ.